ಮಾಡೆಲ್ ಕಟ್ಟಿದಿರಿ, ಆಮೇಲೇನಾಯಿತು?

‘ಪೈಥಾನ್ ಮತ್ತು ಎಕ್ಸ್‌ಜಿಬೂಸ್ಟ್ ಬಳಸಿ ಚರ್ನ್ ಮಾಡೆಲ್ ಕಟ್ಟಿದ್ದೇನೆ, ನಿಖರತೆ 96%.’ ಡೇಟಾ ಸೈಂಟಿಸ್ಟ್ ಕೆಲಸಕ್ಕೆ ಅರ್ಜಿ ಹಾಕುವವರ ರೆಸ್ಯೂಮ್‌ಗಳಲ್ಲಿ ಇಂಥ ಸಾಲು ಸಾಮಾನ್ಯ. ಯಾವ ಗ್ರಾಹಕ ಸೇವೆ ಬಿಟ್ಟುಹೋಗಬಹುದೆಂದು ಮೊದಲೇ ಅಂದಾಜಿಸುವುದು ಚರ್ನ್ ಮಾಡೆಲ್‌ನ ಕೆಲಸ. ಸಾಲು ಭರ್ಜರಿಯಾಗಿ ಕಾಣುತ್ತದೆ, ಆದರೆ ಅನುಭವಸ್ಥರಿಗೆ ಅದರಲ್ಲಿ ಏನೂ ಸಿಗುವುದಿಲ್ಲ.

ಕಾರಣಕ್ಕೆ ಒಂದು ಲೆಕ್ಕ ನೋಡೋಣ. ಒಂದು ಬ್ರಾಡ್‌ಬ್ಯಾಂಡ್ ಕಂಪನಿಗೆ 20 ಲಕ್ಷ ಗ್ರಾಹಕರು, ತಿಂಗಳಿಗೆ 4% ಮಂದಿ ಬಿಡುತ್ತಾರೆ ಎಂದಿಟ್ಟುಕೊಳ್ಳಿ. ‘ಯಾರೂ ಬಿಡುವುದಿಲ್ಲ’ ಎಂದಷ್ಟೇ ಹೇಳುವ ಮಾಡೆಲ್ ಕೂಡ 96% ಸರಿ! ಬಿಡಲಿರುವ 80,000 ಜನರಲ್ಲಿ ಒಬ್ಬರನ್ನೂ ಅದು ಹಿಡಿದಿರುವುದಿಲ್ಲ.

ಕಂಪನಿಗೆ ಬೇಕಾದದ್ದು ಬೇರೆಯೇ. ಅದರ ಕಾಲ್ ಸೆಂಟರ್ ತಿಂಗಳಿಗೆ 45,000 ಜನರಿಗೆ ಮಾತ್ರ ಫೋನ್ ಮಾಡಬಲ್ಲದು. ಮಾಡೆಲ್ ಆರಿಸಿದ 50,000 ಮಂದಿಯಲ್ಲಿ 5,000 ಜನರನ್ನು ಚೀಟಿ ಎತ್ತಿದಂತೆ ಆರಿಸಿ, ಬೇಕೆಂದೇ ಕರೆ ಮಾಡದೆ ಬಿಟ್ಟರೆನ್ನಿ. ಅವರಲ್ಲಿ 20% ಸೇವೆ ಬಿಟ್ಟರು. ಎಲ್ಲ ಗ್ರಾಹಕರಲ್ಲಿ ಬಿಡುವವರು 4% ಮಾತ್ರವಾದ್ದರಿಂದ ಮಾಡೆಲ್ ಸರಿಯಾದವರನ್ನೇ ಆರಿಸಿದೆ ಎಂದಾಯಿತು. ಕರೆ ಹೋದವರಲ್ಲಿ ಬಿಟ್ಟವರು 17%. ಈ ಮೂರರ ವ್ಯತ್ಯಾಸವೇ ನಿಜವಾದ ಫಲ: ತಿಂಗಳಿಗೆ 1,350 ಗ್ರಾಹಕರು ಉಳಿದರು. ಕರೆ ಮಾಡದ ಗುಂಪು ಇರದಿದ್ದರೆ, ಹೇಗೂ ಉಳಿಯುತ್ತಿದ್ದವರನ್ನೂ ಮಾಡೆಲ್‌ನ ಲೆಕ್ಕಕ್ಕೇ ಸೇರಿಸುತ್ತಿದ್ದೆವು.

ಈಗ ಅದೇ ಕೆಲಸವನ್ನು ಹೀಗೆ ಬರೆಯಬಹುದು: ‘20 ಲಕ್ಷ ಗ್ರಾಹಕರ 18 ತಿಂಗಳ ಬಿಲ್ ಮತ್ತು ದೂರುಗಳ ದಾಖಲೆಯಿಂದ ಚರ್ನ್ ಮಾಡೆಲ್ ಕಟ್ಟಿದೆ. ಕರೆ ಮಾಡದ ಗುಂಪಿಗೆ ಹೋಲಿಸಿದರೆ ಸೇವೆ ಬಿಡುವವರ ಪ್ರಮಾಣ 20%ರಿಂದ 17%ಕ್ಕೆ ಇಳಿಯಿತು. ಪಟ್ಟಿ ಪ್ರತಿ ವಾರ ತಾನಾಗಿ ಸಿದ್ಧವಾಗಿ ಕಾಲ್ ಸೆಂಟರ್‌ನ ಸಾಫ್ಟ್‌ವೇರ್ ಸೇರುತ್ತದೆ. ಒಂದು ವರ್ಷದಿಂದ ಬಳಕೆಯಲ್ಲಿದೆ (ಪೈಥಾನ್, ಎಕ್ಸ್‌ಜಿಬೂಸ್ಟ್).’ ಉಪಕರಣಗಳು ಹೋಗಿಲ್ಲ, ಕೊನೆಗೆ ಸರಿದಿವೆ.

ಡೇಟಾದ ಗಾತ್ರ ಬರೆಯುವುದು ಡಂಬಕ್ಕಲ್ಲ. ಲ್ಯಾಪ್‌ಟಾಪ್‌ನಲ್ಲಿ ಕೂತ ಸಾವಿರ ಸಾಲುಗಳ ಫೈಲಿಗೂ, ದಿನವೂ ಬೆಳೆಯುವ ಕೋಟಿಗಟ್ಟಲೆ ದಾಖಲೆಗೂ ಬೇಕಾದ ಜಾಣ್ಮೆ ಬೇರೆ. ‘ಡಿಪ್ಲಾಯ್ ಮಾಡಿದೆ’ ಎಂದು ಬರೆದವರಿಗೆ ಸಂದರ್ಶನದಲ್ಲಿ ಪ್ರಶ್ನೆಗಳು ಬಂದೇ ಬರುತ್ತವೆ. ಹೊಸ ಪ್ಲಾನ್ ಬಂದು ಗ್ರಾಹಕರ ನಡವಳಿಕೆ ಬದಲಾದಾಗ ಮಾಡೆಲ್ ಹಾದಿ ತಪ್ಪಿದ್ದು ಹೇಗೆ ತಿಳಿಯಿತು? ಮತ್ತೆ ತರಬೇತಿ ಕೊಟ್ಟದ್ದು ಯಾವಾಗ? ಆ ಕೆಲಸ ಮಾಡಿದವರು ತಡವರಿಸುವುದಿಲ್ಲ.

ಕಂಪನಿಯ ಆದಾಯ ಗುಟ್ಟಾಗಿದ್ದರೆ ರೂಪಾಯಿಯ ಬದಲು ಶೇಕಡಾವಾರು ಬರೆಯಿರಿ. ಅದನ್ನೂ ಹೇಳುವಂತಿಲ್ಲದಿದ್ದರೆ ಅಳೆದ ಬಗೆಯನ್ನಷ್ಟೇ ತಿಳಿಸಿ. ತಂಡದ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ಹೇಳಿ. ಮಾಡೆಲ್ ಬಳಕೆಗೇ ಬರಲಿಲ್ಲವೆ? ‘ಹಳೆಯ ದಾಖಲೆಗಳ ಮೇಲೆ ಪರೀಕ್ಷಿಸಿದ್ದು, ಬಳಕೆಗೆ ಬಂದಿಲ್ಲ’ ಎಂದೇ ಬರೆಯಿರಿ. ಬಾರದ ಲಾಭದ ಅಂಕಿ ಹಾಕಿದರೆ, ‘ಇದನ್ನು ಯಾವ ಗುಂಪಿಗೆ ಹೋಲಿಸಿ ಅಳೆದಿರಿ?’ ಎಂಬ ಮೊದಲ ಪ್ರಶ್ನೆಗೇ ಅದು ಬಯಲಾಗುತ್ತದೆ.