ಆರು ನಿಮಿಷದ ಕಾರ್ಡು, ಎಂಟು ನಿಮಿಷದ ಕೆಲಸ

ಪೀಣ್ಯದಲ್ಲಿರುವಂಥ ಸಣ್ಣ ಸಿಎನ್‌ಸಿ ವರ್ಕ್‌ಶಾಪೊಂದು ಉಕ್ಕಿನ ಶಾಫ್ಟ್ ಮಾಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಶಾಫ್ಟಿಗೆ ಎಷ್ಟು ಖರ್ಚಾಗಬೇಕೆಂದು ಮೊದಲೇ ಬರೆದಿಡುವ ಪಟ್ಟಿಯೇ ಸ್ಟ್ಯಾಂಡರ್ಡ್ ಕಾಸ್ಟ್ ಕಾರ್ಡ್. ಅದಕ್ಕೆ ಆಧಾರ ಎರಡು ದಾಖಲೆಗಳು: ಯಾವ ಸಾಮಗ್ರಿ ಎಷ್ಟು ಬೇಕೆಂದು ತಿಳಿಸುವ ಬಿಲ್ ಆಫ್ ಮೆಟೀರಿಯಲ್ಸ್, ಯಾವ ಯಂತ್ರದಲ್ಲಿ ಎಷ್ಟು ಹೊತ್ತು ಎಂದು ತಿಳಿಸುವ ರೂಟಿಂಗ್.

ಉದಾಹರಣೆಗಾಗಿ, ಡ್ರಾಯಿಂಗ್ ಪ್ರಕಾರ ಕತ್ತರಿಸಿದ ತುಂಡು 1.25 ಕೆಜಿ, ಕೆಜಿಗೆ ₹80. ಯಂತ್ರದ ಪರದೆ ತೋರಿಸುವ ಸೈಕಲ್ ಟೈಮ್ 6 ನಿಮಿಷ. ಕೂಲಿ, ವಿದ್ಯುತ್, ಸವಕಳಿ ಸೇರಿ ನಿಮಿಷಕ್ಕೆ ₹10. ಒಟ್ಟು ₹160. ಇದು ಆದರ್ಶ ಮಾನಕ: ಏನೂ ಪೋಲಾಗದ, ಯಾರೂ ನಿಲ್ಲದ ದಿನದ ಲೆಕ್ಕ.

ನೆಲದ ಮೇಲೆ ಅಳೆದರೆ ಬೇರೆಯೇ ಕಾಣುತ್ತದೆ. ಗರಗಸದ ಅಲಗಿನ ದಪ್ಪ, ಸರಳಿನ ತುದಿಯಲ್ಲಿ ಉಳಿಯುವ ಮೋಟು ಸೇರಿ 1.30 ಕೆಜಿ, ಅಂದರೆ ₹104. ಇನ್ಸರ್ಟ್ ಬದಲಿಸಲು, ತುಂಡು ಹಾಕಿ ತೆಗೆಯಲು, ಆಪರೇಟರ್ ದಣಿವಾರಿಸಲು ಶೇ 15 ಸೇರಿಸಿದರೆ 6.9 ನಿಮಿಷ. ಸೆಟಪ್‌ಗೆ ಹಿಡಿಯುವ 90 ನಿಮಿಷವನ್ನು 100 ಶಾಫ್ಟುಗಳಿಗೆ ಹಂಚಿದರೆ ಇನ್ನೂ 0.9. ಹೀಗೆ 7.8 ನಿಮಿಷ, ₹78. ಕೊನೆಯ ತಪಾಸಣೆಯಲ್ಲಿ ಶೇ 2 ತಿರಸ್ಕೃತವಾದರೆ ₹182 ಅನ್ನು 0.98ರಿಂದ ಭಾಗಿಸಬೇಕು: ಸುಮಾರು ₹186. ಇದು ಸಾಧ್ಯ ಮಾನಕ. (ಯಂತ್ರದ ದರದಲ್ಲೇ ಈ ನಿಲುಗಡೆಗಳನ್ನು ಲೆಕ್ಕ ಹಿಡಿದಿದ್ದರೆ ಮತ್ತೆ ಸೇರಿಸಬಾರದು, ಈ ತಪ್ಪೂ ಅಪರೂಪವಲ್ಲ.)

ಆದರ್ಶ ಕಾರ್ಡನ್ನೇ ನಂಬಿ ಶೇ 12 ಲಾಭವಿಟ್ಟು ₹179ಕ್ಕೆ ಕೊಟೇಶನ್ ಕೊಟ್ಟರೆ ಪ್ರತಿ ಶಾಫ್ಟಿಗೆ ಸುಮಾರು ₹7 ನಷ್ಟ. ಗ್ರಾಹಕ 25 ಮಾತ್ರ ಕೇಳಿದರೆ ಸೆಟಪ್ ಪಾಲು 3.6 ನಿಮಿಷಕ್ಕೇರಿ ವೆಚ್ಚ ₹213 ಆಗುತ್ತದೆ, ನಷ್ಟ ₹34. ಸಣ್ಣ ಬ್ಯಾಚಿಗೆ ಇಷ್ಟು ಅಗ್ಗದ ದರ ಬೇರೆ ಯಾರೂ ಕೊಡರಾದ್ದರಿಂದ ಅಂಥ ಆರ್ಡರುಗಳೇ ಹೆಚ್ಚೆಚ್ಚು ಬರುತ್ತವೆ. ಆರ್ಡರ್ ಪುಸ್ತಕ ತುಂಬಿದಷ್ಟೂ ಕೈಯಲ್ಲಿನ ಹಣ ಕರಗುತ್ತದೆ.

ಎಚ್ಚರಿಸಬೇಕಾದ ವೇರಿಯನ್ಸ್ ವರದಿ, ಅಂದರೆ ಕಾರ್ಡಿಗೂ ವಾಸ್ತವಕ್ಕೂ ಇರುವ ವ್ಯತ್ಯಾಸದ ಪಟ್ಟಿ, ಇಲ್ಲಿ ಕೈಕೊಡುತ್ತದೆ. ಪ್ರತಿ ತಿಂಗಳೂ ಎಲ್ಲ ಕೆಲಸದಲ್ಲೂ ಪ್ರತಿಕೂಲ ಅಂಕಿಯೇ ಬಂದರೆ ಮೇಲ್ವಿಚಾರಕ ಓದುವುದನ್ನೇ ಬಿಡುತ್ತಾನೆ. ಆಮೇಲೆ ತಿರಸ್ಕಾರ ಶೇ 2ರಿಂದ 5ಕ್ಕೆ ಏರಿದರೂ ಆ ಏರಿಕೆ ಅದೇ ಕೆಂಪು ಅಂಕಿಗಳಲ್ಲಿ ಹೂತುಹೋಗುತ್ತದೆ. ವ್ಯತ್ಯಾಸ ಸದಾ ಒಂದೇ ದಿಕ್ಕಿನಲ್ಲಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಾರ್ಡನ್ನು. ಸರಿಯಾದ ಕಾರ್ಡಿನ ಸುತ್ತ ಅಂಕಿಗಳು ಆಚೀಚೆ ತೂಗುತ್ತವೆ.

ದಾಸ್ತಾನಿನ ಬೆಲೆ ಕಟ್ಟುವ ಭಾರತೀಯ ಲೆಕ್ಕಪತ್ರ ಮಾನಕ ಇಂಡ್ ಎಎಸ್ 2 ಕೂಡ ಸ್ಟ್ಯಾಂಡರ್ಡ್ ಕಾಸ್ಟ್ ಸಾಮಾನ್ಯ ಮಟ್ಟದ ಸಾಮಗ್ರಿ, ದುಡಿಮೆ, ದಕ್ಷತೆಗಳ ಮೇಲೆ ನಿಲ್ಲಬೇಕು, ಆಗಾಗ ಪರಿಶೀಲನೆಗೊಳ್ಳಬೇಕು ಎನ್ನುತ್ತದೆ. ಹಾಗೆಂದು ಕಳೆದ ವರ್ಷದ ಸರಾಸರಿಯನ್ನು ಹಾಗೇ ಎತ್ತಿ ಬರೆಯುವಂತಿಲ್ಲ. ಸೆಟಪ್‌ನ ಆ 90 ನಿಮಿಷದಲ್ಲಿ ಗೇಜ್ ಹುಡುಕಿದ 20 ನಿಮಿಷವೂ ಸೇರಿದ್ದರೆ, ಅದನ್ನು ಮಾನಕವೆಂದು ಬರೆದ ದಿನದಿಂದ ಗೇಜ್ ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ. ಸ್ಟೋರಿನ ಇಶ್ಯೂ ಸ್ಲಿಪ್ಪನ್ನು ಪಾಸಾದ ಶಾಫ್ಟುಗಳ ಸಂಖ್ಯೆಗೆ ಹೋಲಿಸಿ, ಕೆಲವು ಪಾಳಿಗಳ ಸಮಯವನ್ನು ಯಂತ್ರದ ಪಕ್ಕದಲ್ಲೇ ನಿಂತು ಅಳೆದು, ಹುಡುಕಾಟದಂಥ ತಪ್ಪಿಸಬಹುದಾದ ನಿಮಿಷಗಳನ್ನು ಕಳೆದು, ಬ್ಯಾಚಿನ ಗಾತ್ರವನ್ನು ಕಾರ್ಡಿನ ಮೇಲೆ ಕಾಣುವಂತೆ ಬರೆದರೆ, 25 ಶಾಫ್ಟಿನ ಆರ್ಡರಿಗೆ 100ರ ದರ ಹೋಗುವುದು ತಪ್ಪುತ್ತದೆ.