ಹೊರದೇಶದ ಅಪರಿಚಿತ ಕಂಪನಿಯ ಮೊದಲ ಪತ್ರಕ್ಕೆ ಉತ್ತರ ಬರೆಯುವುದು ಹೇಗೆ?



ಕಾರ್ಕಳದ ಹತ್ತಿರ ಗೇರುಬೀಜದ ಸಣ್ಣ ಕಾರ್ಖಾನೆ ನಡೆಸುತ್ತಿರುವ ನನ್ನ ತಂಗಿಯ ಮಗ ಕಳೆದ ವರ್ಷ ಮೊಬೈಲ್ ಹಿಡಿದುಕೊಂಡು ಮನೆಗೆ ಬಂದ. ಬ್ರಿಟನ್ನಿನ ಒಂದು ಕಂಪನಿಯಿಂದ ಅವನಿಗೆ ಇಮೇಲ್ ಬಂದಿತ್ತು. ನಾಲ್ಕೇ ಸಾಲು. "ನಿಮ್ಮ ಗೋಡಂಬಿಯಲ್ಲಿ ಆಸಕ್ತಿ ಇದೆ. ಕ್ಯಾಟಲಾಗ್, ಕನಿಷ್ಠ ಆರ್ಡರ್ ಪ್ರಮಾಣ, ಪಾವತಿ ಷರತ್ತು ತಿಳಿಸಿ." ಕೆಳಗೆ ನಮ್ಮವರದೇ ಹೆಸರು, ಅದರ ಮೇಲೆ ಜೈ ಜಿನೇಂದ್ರ.

"ನಮ್ಮವರೇ ಮಾವ. ದರಪಟ್ಟಿ ಕಳಿಸಿ, ಹಣ ಮಾಲು ಮುಟ್ಟಿದ ಮೇಲೆ ಕೊಡಿ ಎಂದು ಬರೆದುಬಿಡಲೇ?" ಎಂದ.

"ಇವತ್ತು ಬೇಡ. ಇಬ್ಬರೂ ಕೂತು ಬರೆಯೋಣ" ಎಂದೆ. ಆ ದಿನ ನಾವು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಡಿಕೆ, ಮೆಣಸಿನಕಾಯಿ, ಬಟ್ಟೆ, ಯಾವ ವ್ಯಾಪಾರವಾದರೂ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು, ಬರೆದವರು ಯಾರು?

ಬ್ರಿಟನ್ನಿನಲ್ಲಿ ಎಲ್ಲ ಲಿಮಿಟೆಡ್ ಕಂಪನಿಗಳ ದಾಖಲೆ ಕಂಪನೀಸ್ ಹೌಸ್ ಎಂಬ ಸರ್ಕಾರಿ ಕಚೇರಿಯಲ್ಲಿರುತ್ತದೆ. ಅದರ ವೆಬ್‌ಸೈಟಿನಲ್ಲಿ ಹೆಸರು ಹಾಕಿದರೆ ಕಂಪನಿ ಯಾವಾಗ ಶುರುವಾಯಿತು, ವಿಳಾಸ ಯಾವುದು, ನಿರ್ದೇಶಕರು ಯಾರು, ವಾರ್ಷಿಕ ಲೆಕ್ಕ ಸಲ್ಲಿಸಿದ್ದಾರೆಯೇ ಎಂಬುದು ಉಚಿತವಾಗಿ ಸಿಗುತ್ತದೆ. ಅಲ್ಲಿನ ಕಂಪನಿಗಳು ತಮ್ಮ ವ್ಯಾಪಾರದ ಪತ್ರದಲ್ಲೂ ವೆಬ್‌ಸೈಟಿನಲ್ಲೂ ನೋಂದಣಿ ಸಂಖ್ಯೆ ಹಾಕಬೇಕೆಂಬ ನಿಯಮವಿದೆ. ಯುರೋಪಿನ ಬೇರೆ ದೇಶದವರಾದರೆ ಅವರ ವ್ಯಾಟ್ ಸಂಖ್ಯೆ ಕೇಳಬಹುದು. ಅದು ಚಾಲ್ತಿಯಲ್ಲಿದೆಯೇ ಎಂದು ಯುರೋಪಿಯನ್ ಒಕ್ಕೂಟದ VIES ಎಂಬ ಪುಟದಲ್ಲಿ ನೋಡಬಹುದು.

ಅಳಿಯನಿಗೆ ಬರೆದಿದ್ದ ಕಂಪನಿ ದಾಖಲೆಯಲ್ಲಿತ್ತು. ಅವನು ನಿಟ್ಟುಸಿರು ಬಿಟ್ಟ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಕಂಪನಿ ನಿಜವಾಗಿದ್ದು ಪತ್ರ ಸುಳ್ಳಾಗಿರಬಹುದು. ಒಳ್ಳೆಯ ಹೆಸರಿನ ಕಂಪನಿಯಂತೆಯೇ ಕಾಣುವ, ಒಂದಕ್ಷರ ಮಾತ್ರ ಬೇರೆ ಇರುವ ಇಮೇಲ್ ವಿಳಾಸ ಮಾಡಿಕೊಂಡು ಸಾಲಕ್ಕೆ ಮಾಲು ತರಿಸಿಕೊಳ್ಳುವ ವಂಚಕರಿದ್ದಾರೆ. ಮಾಲು ಬೇರೆ ಗೋದಾಮಿಗೆ ಹೋಗುತ್ತದೆ, ಬಿಲ್ಲು ಏನೂ ಅರಿಯದ ನಿಜ ಕಂಪನಿಗೆ ಹೋಗುತ್ತದೆ. ಆದ್ದರಿಂದ ಇಮೇಲಿನಲ್ಲಿ @ ಗುರುತಿನ ಮುಂದೆ ಇರುವುದನ್ನು ಕಂಪನಿಯ ವೆಬ್‌ಸೈಟಿನ ಹೆಸರಿನೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಆಮೇಲೆ ಪತ್ರದಲ್ಲಿ ಕೊಟ್ಟ ನಂಬರಿಗೆ ಅಲ್ಲ, ನೀವೇ ಹುಡುಕಿದ ಕಂಪನಿಯ ನಂಬರಿಗೆ ಫೋನು ಮಾಡಿ, "ಇಂಥವರು ನಿಮ್ಮಲ್ಲಿ ಖರೀದಿ ನೋಡಿಕೊಳ್ಳುತ್ತಾರೆಯೇ?" ಎಂದು ಕೇಳಿ. ನಾವು ಮಾಡಿದೆವು. ಆ ವ್ಯಕ್ತಿ ಅಲ್ಲಿಯೇ ಇದ್ದರು.

ಜೈ ಜಿನೇಂದ್ರ ಎಂದು ಬರೆದವರನ್ನು ಅನುಮಾನಿಸುವುದು ಹೇಗೆ ಎಂದು ಅಳಿಯ ಸಂಕೋಚಪಟ್ಟ. ಪತ್ರ ಬರೆದವರು ಯಾರೆಂದು ತಿಳಿದುಕೊಳ್ಳುವುದು ಅವಮಾನವಲ್ಲ. ನಿಜವಾದ ವ್ಯಾಪಾರಿ ನಮ್ಮ ಬಗ್ಗೆಯೂ ಹೀಗೆಯೇ ವಿಚಾರಿಸುತ್ತಾನೆ. ಹೊಸ ಕಂಪನಿ ಎಂದಾಕ್ಷಣ ಕಳ್ಳ ಕಂಪನಿಯೂ ಅಲ್ಲ. ಹೊಸದಾದರೆ ಸಾಲ ಕೊಡಬಾರದು, ಅಷ್ಟೇ.

ಕ್ಯಾಟಲಾಗ್ ಎಂದರೆ ಎರಡು ಪುಟ ಸಾಕು

ಬಣ್ಣಬಣ್ಣದ ಪುಸ್ತಕ ಬೇಕಿಲ್ಲ. ಕೊಳ್ಳುವವರು ನೋಡುವುದು ಯಾವ ದರ್ಜೆ, ಎಷ್ಟು, ಹೇಗೆ ಕಟ್ಟಿದ್ದು ಎಂಬುದನ್ನು. ಗೋಡಂಬಿಯಲ್ಲಿ ಡಬ್ಲ್ಯು-320 ಎಂದರೆ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, 300ರಿಂದ 320 ಇಡೀ ಬಿಳಿ ತಿರುಳು. ಡಬ್ಲ್ಯು-240 ಅದಕ್ಕಿಂತ ದೊಡ್ಡದು, ಪೌಂಡಿಗೆ 220ರಿಂದ 240. ದರ್ಜೆ, ತೇವಾಂಶ (ಶೇಕಡಾ 5 ಮೀರಬಾರದು), ತುಂಡಿನ ಪ್ರಮಾಣ, ಪೆಟ್ಟಿಗೆಯ ತೂಕ, ತಿಂಗಳಿಗೆ ಎಷ್ಟು ಕೊಡಬಲ್ಲೆವು ಎಂಬುದು, ಜೊತೆಗೆ ಹಗಲು ಬೆಳಕಿನಲ್ಲಿ ತೆಗೆದ ನಮ್ಮದೇ ಮಾಲಿನ ಫೋಟೋ. ಇಷ್ಟನ್ನು ಹಾಕಿದೆವು.

ದರವನ್ನು ಅದರೊಳಗೆ ಹಾಕಬೇಡಿ. ಹಸಿ ಬೀಜದ ಬೆಲೆಯೂ ಡಾಲರೂ ಏರಿಳಿಯುತ್ತವೆ. ಕ್ಯಾಟಲಾಗ್ ಎರಡು ವರ್ಷ ಅವರ ಕಡತದಲ್ಲಿ ಇರುತ್ತದೆ, ಹಳೆಯ ದರ ಹಿಡಿದು ಚೌಕಾಸಿ ಶುರುವಾಗುತ್ತದೆ. ದರವನ್ನು ಬೇರೆ ಹಾಳೆಯಲ್ಲಿ, ಏಳು ದಿನ ಮಾತ್ರ ಚಾಲ್ತಿ ಎಂದು ದಿನಾಂಕ ಹಾಕಿ, ದರ್ಜೆ ಮತ್ತು ಪ್ರಮಾಣ ತಿಳಿದ ಮೇಲೆ ಕೊಡಿ.

ಮಾದರಿ ಕೇಳಿದರೆ ಅರ್ಧ ಕಿಲೋ ಉಚಿತ, ಕೊರಿಯರ್ ಖರ್ಚು ಅವರದು ಎನ್ನಿ. ಆ ಖರ್ಚಿಗೂ ಹಿಂಜರಿಯುವವರು ಕಂಟೇನರ್ ಕೊಳ್ಳುವುದು ಕಷ್ಟ. ಮಾದರಿಯನ್ನು ದಿನದ ರಾಶಿಯಿಂದಲೇ ತೆಗೆಯಿರಿ, ಆರಿಸಿ ಕಳಿಸಬೇಡಿ. ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದನ್ನು ತತ್ತ್ವಾರ್ಥ ಸೂತ್ರ ಪ್ರತಿರೂಪಕ ವ್ಯವಹಾರ ಎಂದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದೆ. ವ್ಯಾಪಾರದ ಲೆಕ್ಕದಲ್ಲೂ ಅದು ನಷ್ಟವೇ. ಅದೇ ಮಾದರಿಯ ಉಳಿದರ್ಧವನ್ನು ಸೀಲ್ ಮಾಡಿ ನಮ್ಮಲ್ಲೂ ಇಟ್ಟುಕೊಂಡರೆ ನಾಳೆ ಜಗಳ ಬಂದಾಗ ಅದು ಸಾಕ್ಷಿ.

ಕನಿಷ್ಠ ಆರ್ಡರ್ ಎಷ್ಟು ಎನ್ನಬೇಕು?

ದೊಡ್ಡವರಂತೆ ಕಾಣಲೆಂದು ಅಳಿಯ "ಒಂದು ಕಂಟೇನರ್" ಎಂದು ಬರೆಯಹೊರಟಿದ್ದ. ಲೆಕ್ಕ ಹಾಕಿಸಿದೆ. ಗೋಡಂಬಿ ಪೆಟ್ಟಿಗೆ ಸಾಮಾನ್ಯವಾಗಿ 50 ಪೌಂಡಿನದು, ಅಂದರೆ 22.68 ಕಿಲೋ. 20 ಅಡಿ ಕಂಟೇನರಿಗೆ 700 ಪೆಟ್ಟಿಗೆ, ಒಟ್ಟು 15,876 ಕಿಲೋ. ಲೆಕ್ಕಕ್ಕೆ ಕಿಲೋಗೆ 800 ರೂಪಾಯಿ ಹಿಡಿದರೂ ಒಂದು ಕೋಟಿ 27 ಲಕ್ಷ ರೂಪಾಯಿಯ ಮಾಲು. ಮುಖ ನೋಡದವರ ಮಾತಿನ ಮೇಲೆ ಅಷ್ಟು ಬಂಡವಾಳ ಹಡಗು ಹತ್ತಬೇಕೇ?

"ಪರೀಕ್ಷಾ ಆರ್ಡರ್ 100 ಪೆಟ್ಟಿಗೆ, ಎರಡು ದರ್ಜೆ ಸೇರಿಸಬಹುದು. ನಂತರದ ಆರ್ಡರ್ ಒಂದು ಪೂರ್ಣ ಕಂಟೇನರ್" ಎಂದು ಬರೆಸಿದೆ. 100 ಪೆಟ್ಟಿಗೆ ಎಂದರೆ 2,268 ಕಿಲೋ, ಅದೇ ದರದಲ್ಲಿ ಸುಮಾರು 18 ಲಕ್ಷ. ಸಣ್ಣ ಮಾಲು ಬೇರೆಯವರ ಮಾಲಿನ ಜೊತೆ ಹಂಚಿಕೊಂಡ ಕಂಟೇನರಿನಲ್ಲಿ ಹೋಗುವುದರಿಂದ ಕಿಲೋವಾರು ಸಾಗಣೆ ದುಬಾರಿ. ಅದನ್ನು ಮೊದಲೇ ಹೇಳಬೇಕು. ಯಾವ ಬಂದರಿನಿಂದ ಎಂಬುದನ್ನು ಫಾರ್ವರ್ಡರ್ ಬಳಿ ಕೇಳಿಯೇ ದರ ಕೊಡಬೇಕು.

ಪಾವತಿಯ ಮಾತು

ಇಲ್ಲಿ ನನ್ನದೇ ತಪ್ಪನ್ನು ಹೇಳುತ್ತೇನೆ. ಸುಮಾರು ಹದಿನೈದು ವರ್ಷದ ಹಿಂದೆ ಒಬ್ಬ ಹೊಸ ಗಿರಾಕಿಗೆ ಮುಂಗಡವಿಲ್ಲದೆ, "ದಾಖಲೆ ಬ್ಯಾಂಕಿಗೆ ಬರಲಿ, ಹಣ ಕಟ್ಟಿ ಬಿಡಿಸಿಕೊಳ್ಳುತ್ತೇನೆ" ಎಂಬ ಷರತ್ತಿನ ಮೇಲೆ ಮಾಲು ಕಳಿಸಿದೆ. ಹಣ ಕಟ್ಟದೆ ದಾಖಲೆ ಸಿಗುವುದಿಲ್ಲ, ದಾಖಲೆ ಇಲ್ಲದೆ ಮಾಲು ಸಿಗುವುದಿಲ್ಲ, ಇನ್ನೇನು ಭಯ ಎಂದುಕೊಂಡಿದ್ದೆ. ಹಡಗು ದಾರಿಯಲ್ಲಿರುವಾಗ ಬೆಲೆ ಇಳಿಯಿತು. ಅವನು ದಾಖಲೆ ಬಿಡಿಸಲೇ ಇಲ್ಲ. ಮಾಲು ನನ್ನದೇ, ಆದರೆ ಪರದೇಶದ ಬಂದರಿನಲ್ಲಿ. ಉಚಿತ ದಿನಗಳು ಮುಗಿದ ಮೇಲೆ ಕಂಟೇನರಿಗೂ ಜಾಗಕ್ಕೂ ದಿನದ ಬಾಡಿಗೆ ಏರುತ್ತಾ ಹೋಯಿತು. ಕೊನೆಗೆ ಅವನಿಗೇ ಬೆಲೆ ಇಳಿಸಿ ಕೊಟ್ಟೆ. ಅವನು ಮೋಸ ಮಾಡಲಿಲ್ಲ, ನಾನು ಕೊಟ್ಟ ಷರತ್ತಿನ ಲಾಭ ಪಡೆದ.

ಆದ್ದರಿಂದ ಅಳಿಯನ ಪತ್ರದಲ್ಲಿ ಬರೆಸಿದ್ದು: ಆರ್ಡರಿನ ಜೊತೆ ಶೇಕಡಾ 30 ಮುಂಗಡ, ಉಳಿದ ಶೇಕಡಾ 70 ಹಡಗು ಬಿಲ್ಲಿನ, ಅಂದರೆ ಬಿಲ್ ಆಫ್ ಲೇಡಿಂಗಿನ, ಪ್ರತಿ ಇಮೇಲಿನಲ್ಲಿ ನೋಡಿದ ಕೂಡಲೇ. ಮೂಲ ಬಿಲ್ಲು ನಮ್ಮ ಕೈಯಲ್ಲೇ ಇರುತ್ತದೆ. ಹಣ ನಮ್ಮ ಖಾತೆಗೆ ಬಂದಿದೆ ಎಂದು ನಮ್ಮ ಬ್ಯಾಂಕು ಹೇಳಿದ ಮೇಲೆ ಅದು ಹೊರಡುತ್ತದೆ. ಹಣ ಕಳಿಸಿದ್ದೇವೆ ಎಂಬ ಕಾಗದದ ಫೋಟೋ ಹಣವಲ್ಲ. ಶೇಕಡಾ 30 ಕೊಟ್ಟವನು ಬೆಲೆ ಸ್ವಲ್ಪ ಇಳಿದರೂ ಮಾಲು ಬಿಟ್ಟು ಹೋಗುವುದಿಲ್ಲ.

ಪೂರ್ಣ ಕಂಟೇನರಿನ ಹಂತಕ್ಕೆ ಬಂದಾಗ ಎಲ್.ಸಿ. ಕೇಳಬಹುದು. ಅದು ರದ್ದು ಮಾಡಲಾಗದ್ದಾಗಿರಬೇಕು, ದಾಖಲೆ ತೋರಿಸಿದ ಕೂಡಲೇ ಪಾವತಿಯಾಗುವಂತಿರಬೇಕು, ಮತ್ತು ನಮ್ಮ ಬ್ಯಾಂಕಿನ ಮೂಲಕವೇ ಬರಬೇಕು. ಗಿರಾಕಿ ಇಮೇಲಿನಲ್ಲಿ ಕಳಿಸಿದ ಎಲ್.ಸಿ. ಪ್ರತಿಯನ್ನು ನಂಬಿ ಮಾಲು ಕಟ್ಟಬೇಡಿ. ಸಾಲ ಕೊಡುವ ದಿನ ಬಂದರೆ ಇಸಿಜಿಸಿ ವಿಮೆ ಮಾಡಿಸಿಕೊಂಡೇ ಕೊಡಿ.

ಹೋದ ಉತ್ತರ

ಪತ್ರ ಇಂಗ್ಲಿಷಿನಲ್ಲಿ ಹೋಯಿತು. ಸಾರ ಇಷ್ಟು:

"ನಿಮ್ಮ ಪತ್ರಕ್ಕೆ ಧನ್ಯವಾದ. ಎರಡು ಪುಟದ ಮಾಹಿತಿ ಲಗತ್ತಿಸಿದೆ. ಪರೀಕ್ಷಾ ಆರ್ಡರ್ 100 ಪೆಟ್ಟಿಗೆ. ಮೊದಲ ಆರ್ಡರಿಗೆ ಶೇಕಡಾ 30 ಮುಂಗಡ, ಉಳಿದದ್ದು ಬಿಲ್ ಆಫ್ ಲೇಡಿಂಗ್ ಪ್ರತಿಯ ಮೇಲೆ. ದರ ತಿಳಿಸಲು ನಮಗೆ ನಾಲ್ಕು ವಿಷಯ ಬೇಕು: ಯಾವ ದರ್ಜೆ, ಎಷ್ಟು, ಯಾವ ಬಂದರಿಗೆ, ಮಾಲು ನಿಮ್ಮ ಅಂಗಡಿಗೋ ಬೇರೆಯವರಿಗೆ ಮಾರಲೋ. ಜೊತೆಗೆ ನಿಮ್ಮ ನೋಂದಣಿ ಸಂಖ್ಯೆ, ಮತ್ತು ಈಗ ನಿಮಗೆ ಮಾಲು ಕೊಡುತ್ತಿರುವ ಒಬ್ಬರ ಪರಿಚಯ ಕೊಡಿ."

ಈ ಪ್ರಶ್ನೆಗಳೇ ಪತ್ರದ ಜೀವ. ದರ್ಜೆ ಕೇಳಿದರೆ "ಯಾವುದಾದರೂ ಸರಿ, ಐದು ಕಂಟೇನರ್ ಬೇಕು" ಎನ್ನುವವರು, ಆರ್ಡರಿಗೆ ಮೊದಲು ನಾವೇ ಏನೋ ನೋಂದಣಿ ಶುಲ್ಕ ಕಟ್ಟಬೇಕು ಎನ್ನುವವರು, ವೀಸಾಕ್ಕೆ ಆಹ್ವಾನ ಪತ್ರ ಕೇಳುವವರು ಇಲ್ಲೇ ಬೇರೆಯಾಗುತ್ತಾರೆ. ಅಂಥವರಿಗೆ ಎರಡನೆಯ ಪತ್ರ ಬೇಡ.

ನಾಲ್ಕನೆಯ ದಿನ ಉತ್ತರ ಬಂತು. ಡಬ್ಲ್ಯು-320 ಎಂಬತ್ತು ಪೆಟ್ಟಿಗೆ, 240 ಇಪ್ಪತ್ತು ಪೆಟ್ಟಿಗೆ, ನೋಂದಣಿ ಸಂಖ್ಯೆ, ಒಬ್ಬ ಹಳೆಯ ವ್ಯಾಪಾರಿಯ ವಿಳಾಸ. ಮುಂಗಡ ಶೇಕಡಾ 20 ಸಾಕೇ ಎಂದು ಕೇಳಿದ್ದರು. ಅಳಿಯ ನನ್ನ ಮುಖ ನೋಡಿದ. ಮೊದಲ ಆರ್ಡರಿಗೆ 30, ಮೂರನೆಯದಕ್ಕೆ ಮಾತಾಡೋಣ ಎಂದು ಬರೆಸಿದೆ. ಅವರು ಒಪ್ಪಿದರು. ಹಣ ಬ್ಯಾಂಕಿಗೆ ಬಂದ ದಿನ ಅವನು ಪೆಟ್ಟಿಗೆ ಕಟ್ಟಲು ಶುರು ಮಾಡಿದ, ಅದಕ್ಕಿಂತ ಒಂದು ದಿನವೂ ಮೊದಲಲ್ಲ.