ಮೂಟೆ, ಕಿಲೋ, ಇಟ್ಟಿಗೆ: ಶಾಲಾ ಸಮಿತಿಯು ದಾನಿಗೆ ಬರೆಯುವ ಪತ್ರ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಆಡುಮಾತಿನ ಎಸ್‌ಡಿಎಂಸಿ, 2001ರ ಸರ್ಕಾರಿ ಆದೇಶದಿಂದ ರೂಪುಗೊಂಡ ಸಂಸ್ಥೆಯಾಗಿದ್ದು, ಪೋಷಕರೊಬ್ಬರು ಇದರ ಅಧ್ಯಕ್ಷರಾಗಿಯೂ ಮುಖ್ಯೋಪಾಧ್ಯಾಯರು ಕಾರ್ಯದರ್ಶಿಯಾಗಿಯೂ ಇರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಇಂಥ ಸಮಿತಿಗಳ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕೆಂದೂ ಅರ್ಧದಷ್ಟು ಮಹಿಳೆಯರಿರಬೇಕೆಂದೂ ವಿಧಿಸಿ, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನು ಅವುಗಳಿಗೆ ಒಪ್ಪಿಸಿತು. ಹೊಸ ಕೊಠಡಿಗೆ ಅನುದಾನ ಬರುವುದು ತಡವಾದಾಗ ಸಮಿತಿಯು ಊರಿನ ಉಳ್ಳವರಿಗೋ, ಪಟ್ಟಣ ಸೇರಿದ ಹಳೆಯ ವಿದ್ಯಾರ್ಥಿಗೋ ಬರೆಯುವ ಕೋರಿಕೆಯ ಪತ್ರವು ಈ ಹೊಣೆಯ ಅತ್ಯಂತ ಕಾಣುವ ರೂಪವಾಗಿದೆ. ಅದರಲ್ಲೂ ಹಣದ ಮೊತ್ತವನ್ನು ಕೇಳದೆ ಸಿಮೆಂಟು, ಕಬ್ಬಿಣ, ಇಟ್ಟಿಗೆಗಳನ್ನೇ ಕೇಳುವ ಪತ್ರವು ತನ್ನದೇ ಆದ ಒಂದು ಕಲೆಯನ್ನು ಬೇಡುತ್ತದೆ.

ಪತ್ರದ ಹೊರ ಆಕಾರವು ಕಚೇರಿಯ ಪದ್ಧತಿಯದೇ ಆಗಿರುತ್ತದೆ: ಇವರಿಂದ, ಇವರಿಗೆ, ವಿಷಯ, ಉಲ್ಲೇಖ, ಮಾನ್ಯರೇ. ಇವುಗಳಲ್ಲಿ ಉಲ್ಲೇಖದ ಸಾಲಿಗೆ ತೂಕ ಹೆಚ್ಚು, ಏಕೆಂದರೆ ಸಮಿತಿಯ ಯಾವ ದಿನಾಂಕದ ಸಭೆಯಲ್ಲಿ ಕೊಠಡಿ ಕಟ್ಟುವ ನಿರ್ಣಯವಾಯಿತು, ಎಂಜಿನಿಯರರ ನಕ್ಷೆ ಯಾವುದು, ಇಲಾಖೆಯ ಅನುಮತಿ ದೊರೆತಿದೆಯೇ ಎಂಬುದನ್ನು ದಾನಿಯು ಆ ಸಾಲಿನಿಂದಲೇ ತಿಳಿಯಬೇಕಾಗುತ್ತದೆ. ನಕ್ಷೆಯಿಲ್ಲದೆ ಹೊರಟ ಪಟ್ಟಿಯು ಎಷ್ಟೇ ವಿನಯದಿಂದ ಬರೆದದ್ದಾದರೂ ಅಂದಾಜಿನ ಮೇಲೆ ನಿಂತ ಅಂದಾಜು ಮಾತ್ರ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಒಳ ಅಳತೆಯಲ್ಲಿ 20 ಅಡಿ ಉದ್ದ, 20 ಅಡಿ ಅಗಲದ ಎರಡು ಕೊಠಡಿಗಳು ನಡುವೆ ಒಂದೇ ಗೋಡೆಯನ್ನು ಹಂಚಿಕೊಂಡು ನಿಂತಿವೆ, ಗೋಡೆಗಳು 9 ಅಂಗುಲ ದಪ್ಪ ಹಾಗೂ 10 ಅಡಿ ಎತ್ತರವಿವೆ, ಅಡಿಪಾಯವು ಸೈಜುಗಲ್ಲಿನದು ಎಂದು ಇಟ್ಟುಕೊಂಡರೆ, ಗೋಡೆಗಳ ಒಟ್ಟು ಉದ್ದ 144.5 ಅಡಿಯಾಗುತ್ತದೆ. ಇದನ್ನು ಎತ್ತರದಿಂದ ಗುಣಿಸಿ, ಎರಡು ಬಾಗಿಲು, ಆರು ಕಿಟಕಿ ಮತ್ತು ಅವುಗಳ ಮೇಲೆ ಗೋಡೆಯುದ್ದಕ್ಕೂ ಓಡುವ ಕಾಂಕ್ರೀಟ್ ಪಟ್ಟಿ, ಅಂದರೆ ಲಿಂಟಲ್, ಇವುಗಳ ಜಾಗವನ್ನು ಕಳೆದರೆ ಸುಮಾರು 1,230 ಚದರ ಅಡಿ ಗೋಡೆ ಉಳಿಯುತ್ತದೆ. ಗಾರೆಯ ಸಂದಿಯೂ ಸೇರಿ 9 ಅಂಗುಲ ಉದ್ದ, ನಾಲ್ಕೂವರೆ ಅಂಗುಲ ಅಗಲ, 3 ಅಂಗುಲ ಎತ್ತರವನ್ನು ತುಂಬುವ ಇಟ್ಟಿಗೆಯಾದರೆ ಇಂಥ ಗೋಡೆಯ ಪ್ರತಿ ಚದರ ಅಡಿಗೆ ಹತ್ತಕ್ಕಿಂತ ಹೆಚ್ಚು, ಹನ್ನೊಂದಕ್ಕಿಂತ ಕಡಿಮೆ ಇಟ್ಟಿಗೆ ಬೇಕಾಗುವುದರಿಂದ ಮೊತ್ತವು 13,100ರ ಆಸುಪಾಸಿಗೆ ಬರುತ್ತದೆ. ಸಾಗಣೆಯಲ್ಲಿಯೂ ಕತ್ತರಿಸುವಾಗಲೂ ಒಡೆಯುವ ಪಾಲನ್ನು ಸೇರಿಸಿ 14,000 ಎಂದು ಬರೆಯುವುದು ನ್ಯಾಯವಾದ ಕೋರಿಕೆ. ಆದರೆ ಇಟ್ಟಿಗೆಯ ಅಳತೆ ಗೂಡಿನಿಂದ ಗೂಡಿಗೆ ಬದಲಾಗುವ ಕಾರಣ ಸಂಖ್ಯೆಯ ಪಕ್ಕದಲ್ಲಿ ಅಳತೆಯನ್ನು ಬರೆಯದ ಪತ್ರವು ಚಿಕ್ಕ ಇಟ್ಟಿಗೆಯ 14,000ವನ್ನು ಪಡೆದು, ಲಿಂಟಲ್ ಮಟ್ಟ ದಾಟಿದ ಮೇಲೆ ಕೈ ಖಾಲಿ ಮಾಡಿಕೊಳ್ಳುವ ಸಂಭವವುಂಟು.

ಕಬ್ಬಿಣದ ವಿಷಯದಲ್ಲಿ ಈ ತಪ್ಪು ಇನ್ನೂ ದುಬಾರಿಯಾಗುತ್ತದೆ. "200 ಕಂಬಿ" ಎಂದು ಬರೆದ ಪಟ್ಟಿಗಳು ಅಪರೂಪವಲ್ಲ, ಆದರೆ ಆ ಮಾತಿಗೆ ನಿಶ್ಚಿತವಾದ ಅರ್ಥವಿಲ್ಲ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ದೊರೆಯುತ್ತದೆ ಎಂಬುದು ಕಟ್ಟಡದ ಕೆಲಸದವರೆಲ್ಲ ಬಳಸುವ ಸೂತ್ರ. ಇದರಂತೆ 12 ಮೀಟರ್ ಉದ್ದದ 8 ಮಿಲಿಮೀಟರ್ ಕಂಬಿಯೊಂದು 4.7 ಕಿಲೋ ತೂಗಿದರೆ ಅದೇ ಉದ್ದದ 12 ಮಿಲಿಮೀಟರ್ ಕಂಬಿಯು 10.7 ಕಿಲೋ ತೂಗುತ್ತದೆ. ಹೀಗಾಗಿ ಮೇಲಿನ 200 ಕಂಬಿಗಳು ಒಂದು ಟನ್ನಿಗೂ ಕಡಿಮೆಯಾಗಬಹುದು, ಎರಡು ಟನ್ನನ್ನು ಮೀರಲೂಬಹುದು. ಉದಾಹರಣೆಯ ಕೊಠಡಿಗಳಿಗೆ 5 ಅಂಗುಲದ ತಾರಸಿಯನ್ನೂ, 20 ಅಡಿಯ ಅಂತರವನ್ನು ಅಷ್ಟು ತೆಳುವಾದ ತಾರಸಿಯು ಒಂಟಿಯಾಗಿ ದಾಟಲಾರದಾದ್ದರಿಂದ ಪ್ರತಿ ಕೊಠಡಿಯ ನಡುವೆ ಒಂದು ಕಾಂಕ್ರೀಟ್ ತೊಲೆಯನ್ನೂ ಎಣಿಸಿದರೆ ಒಟ್ಟು ಸುಮಾರು 1,300 ಕಿಲೋ ಕಬ್ಬಿಣ ಬೇಕಾಗುತ್ತದೆ. ಇದರಲ್ಲಿ 880 ಕಿಲೋದಷ್ಟು 8 ಮಿಲಿಮೀಟರಿನದು, ತಾರಸಿಯ ಜಾಲಕ್ಕೂ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗುಗಳಿಗೂ ಸಲ್ಲುವಂಥದ್ದು. ತೊಲೆಗಳ ಕೆಳಭಾಗದಲ್ಲಿ ಭಾರವನ್ನೆಲ್ಲ ಹೊರುವ 20 ಮಿಲಿಮೀಟರ್ ಕಂಬಿಗಳ ಪಾಲು 145 ಕಿಲೋ ಮಾತ್ರ. ತೂಕದಲ್ಲಿ ಅಲ್ಪವಾದ ಈ ಪಾಲನ್ನು ಬಿಟ್ಟು "ಕಬ್ಬಿಣ, ಒಂದು ಟನ್ನು ಚಿಲ್ಲರೆ" ಎಂದಷ್ಟೇ ಕೇಳಿದರೆ ದಾನಿಯು ಅಂಗಡಿಯಲ್ಲಿ ಸಿಕ್ಕ ಒಂದೇ ಅಳತೆಯ ಕಂಬಿಯನ್ನು ಕಳುಹಿಸಿದಾಗ ದೂರುವಂತಿಲ್ಲ. ವ್ಯಾಸದ ಜೊತೆಗೆ ಎಫ್‌ಇ 500 ಎಂಬಂಥ ದರ್ಜೆಯ ಗುರುತನ್ನೂ, ಅಂದರೆ ಕಬ್ಬಿಣವು ಎಳೆತಕ್ಕೆ ಎಷ್ಟರವರೆಗೆ ಸೋಲದೆ ನಿಲ್ಲುತ್ತದೆ ಎಂಬ ಸೂಚನೆಯನ್ನೂ, ಬರೆಯುವುದು ಅಗತ್ಯ.

ಸಿಮೆಂಟಿನ ಲೆಕ್ಕದಲ್ಲಿ ಪ್ರಮಾಣದಷ್ಟೇ ಸಮಯವೂ ಮುಖ್ಯವಾಗುತ್ತದೆ. ಈ ಕಟ್ಟಡಕ್ಕೆ 50 ಕಿಲೋ ತೂಕದ ಸುಮಾರು 306 ಮೂಟೆ ಬೇಕಾಗುವುದಾದರೂ ಅಷ್ಟನ್ನೂ ಒಂದೇ ಸಲ ತರಿಸುವ ಪತ್ರವು ಶಾಲೆಗೆ ಅಪಕಾರವನ್ನೇ ಮಾಡುತ್ತದೆ. ಏಕೆಂದರೆ ಸಿಮೆಂಟು ಗಾಳಿಯ ತೇವವನ್ನು ಹೀರಿ ಮೂರು ತಿಂಗಳಲ್ಲಿ ತನ್ನ ಬಲದ ಐದರಲ್ಲಿ ಒಂದು ಪಾಲನ್ನು ಕಳೆದುಕೊಳ್ಳಬಲ್ಲದು, ಹಳ್ಳಿಯ ಶಾಲೆಯಲ್ಲಿ ಅದನ್ನಿಡಲು ದೊರೆಯುವುದು ಬಹುಮಟ್ಟಿಗೆ ಸೋರುತ್ತದೆಂದು ಪಾಠಕ್ಕೆ ಬಳಸದೆ ಬಿಟ್ಟ ಕೋಣೆಯೇ. ಆದ್ದರಿಂದ ಬಲ್ಲವರು ಪಟ್ಟಿಯನ್ನು ಹಂತಗಳಾಗಿ ಒಡೆದು, ಅಡಿಪಾಯಕ್ಕೆ 75, ಗೋಡೆ ಮತ್ತು ಲಿಂಟಲ್‌ಗಳಿಗೆ 61, ತಾರಸಿ ಮತ್ತು ತೊಲೆಗಳಿಗೆ 106, ಗಿಲಾವು ಮತ್ತು ನೆಲಕ್ಕೆ 64 ಎಂದು ಬರೆದು, ಚೆಲ್ಲುವುದಕ್ಕೂ ಹರಿಯುವ ಮೂಟೆಗಳಿಗೂ ಅವಕಾಶವಿಟ್ಟು ಒಟ್ಟು 320 ಎಂದು ಕೋರುತ್ತಾರೆ. ತಾರಸಿಯ 106ರ ಮೂಲವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಸುತ್ತ ಒಂದು ಅಡಿಯ ಚಾಚು ಸೇರಿ ತಾರಸಿಯೂ ಎರಡು ತೊಲೆಗಳೂ 13.3 ಘನ ಮೀಟರ್ ಕಾಂಕ್ರೀಟನ್ನು ಬೇಡುತ್ತವೆ, ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಬೆರೆಸುವ ಮಿಶ್ರಣದ ಪ್ರತಿ ಘನ ಮೀಟರಿಗೆ ಎಂಟು ಮೂಟೆ ಹಿಡಿಯುತ್ತದೆ. ಈ ಹಂತದ ಮೂಟೆಗಳು ಮಾತ್ರ ಕೆಲಸಕ್ಕೆ ಮೊದಲೇ ಪೂರ್ತಿಯಾಗಿ ಬಂದಿರಬೇಕು, ಏಕೆಂದರೆ ತಾರಸಿಯನ್ನು ಅರ್ಧ ಹಾಕಿ ಮರುದಿನ ಮುಂದುವರಿಸಿದರೆ ಆ ಬೆಸುಗೆಯ ಗೆರೆಯಲ್ಲಿ ಮಳೆನೀರು ದಾರಿ ಮಾಡಿಕೊಳ್ಳುತ್ತದೆ.

ಸಾಮಗ್ರಿ ಬಂದಿಳಿದಾಗ ಪತ್ರವೇ ಪರೀಕ್ಷೆಯ ಪಟ್ಟಿಯಾಗುತ್ತದೆ. ಮೂಟೆಯ ಮೇಲೆ ಮುದ್ರಿತವಾದ ತಯಾರಿಕೆಯ ವಾರವನ್ನು ನೋಡುವುದು, ಬೆರಳಿನಲ್ಲಿ ಒಡೆಯದ ಗಂಟುಗಳಿರುವ ಮೂಟೆಯನ್ನು ಹಿಂದಿರುಗಿಸುವುದು, ಕಬ್ಬಿಣವನ್ನು ತೂಕದ ಚೀಟಿಯೊಡನೆ ಪಡೆಯುವುದು, ಎರಡು ಇಟ್ಟಿಗೆಗಳನ್ನು ತಟ್ಟಿ ಕಣಕಣ ಸದ್ದು ಬರುವುದೇ ಎಂದು ಕೇಳುವುದು ಸಮಿತಿಯ ಸದಸ್ಯರೇ ಮಾಡಬಹುದಾದ ಕೆಲಸಗಳು. ಇಟ್ಟಿಗೆಯನ್ನು ಒಂದು ಹಗಲು ರಾತ್ರಿ ನೀರಿನಲ್ಲಿ ನೆನೆಸಿಟ್ಟು ತೂಗಿದಾಗ ಒಣ ತೂಕದ ಶೇಕಡ 20ಕ್ಕಿಂತ ಹೆಚ್ಚು ನೀರನ್ನು ಕುಡಿದಿದ್ದರೆ ಅದು ಸರಿಯಾಗಿ ಬೆಂದಿಲ್ಲವೆಂದೇ ಅರ್ಥ.

ದಾನಿಯ ಹೆಸರಿನ ಕಲ್ಲಿನ ಫಲಕದ ಬಗ್ಗೆ ಪತ್ರಗಳು ಧಾರಾಳವಾಗಿ ಮಾತನಾಡುತ್ತವೆ. ಮರಳು, ಜಲ್ಲಿ, ಸೈಜುಗಲ್ಲು, ತಾರಸಿಯ ಅಡಿಯ ಸೆಂಟ್ರಿಂಗ್ ಹಲಗೆಗಳ ಬಾಡಿಗೆ, ಮೇಸ್ತ್ರಿಯ ಕೂಲಿ ಇವುಗಳನ್ನು ಯಾರು ಕೊಡುತ್ತಾರೆಂಬುದನ್ನು ಹೇಳದೆ ಬಿಡುವುದೇ ಹೆಚ್ಚು. ಸಿಮೆಂಟು, ಕಬ್ಬಿಣ, ಇಟ್ಟಿಗೆ ಮೂರೇ ಸೇರಿ ಕೊಠಡಿಯಾಗುವುದಿಲ್ಲವಾದ್ದರಿಂದ ಉಳಿದ ಬಾಬುಗಳ ಮೂಲವನ್ನು ಒಂದು ವಾಕ್ಯದಲ್ಲಾದರೂ ತಿಳಿಸದ ಪತ್ರಕ್ಕೆ ಎಚ್ಚರದ ದಾನಿಯಿಂದ ಬರುವ ಮೊದಲ ಉತ್ತರ ಆ ಪ್ರಶ್ನೆಯೇ ಆಗಿರುತ್ತದೆ. ಬಂದ ಸರಕನ್ನು ಹಂತಹಂತವಾಗಿ ದಾಸ್ತಾನು ವಹಿಯಲ್ಲಿ ಬರೆದು, ಬಳಸಿದ್ದೆಷ್ಟು, ಮಿಕ್ಕಿದ್ದೆಷ್ಟು ಎಂಬುದರ ಪ್ರತಿಯನ್ನು ದಾನಿಗೆ ಕಳುಹಿಸುವುದಾಗಿ ಅಧ್ಯಕ್ಷರೂ ಮುಖ್ಯೋಪಾಧ್ಯಾಯರೂ ಒಟ್ಟಾಗಿ ಸಹಿ ಮಾಡಿ ಒಪ್ಪಿಕೊಂಡ ಪತ್ರದಲ್ಲಿ ಗೋಡೆ ಮುಗಿದ ಮೇಲೆ ಉಳಿಯುವ ಕೆಲವು ನೂರು ಇಟ್ಟಿಗೆಗಳು ಯಾವ ಕೆಲಸಕ್ಕೆ ಹೋಗುತ್ತವೆ ಎಂಬುದೂ ಮೊದಲೇ ನಮೂದಾಗಿರುತ್ತದೆ.